ನೆಟ್ ಮೀಟರ್ ಬಿಲ್ ನೀವೇ ಲೆಕ್ಕ ಹಾಕಿ: ಮಾಡಿನ ಮೇಲೆ ಸೋಲಾರ್ ಹಾಕಿಸಿದ ಕರಾವಳಿ ಮನೆಯವರಿಗೆ ಸಮಗ್ರ ಮಾರ್ಗದರ್ಶಿ

ಕಾರವಾರ, ಕುಮಟಾ, ಶಿರಸಿ ಕಡೆಯಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. "ಆ್ಯಪ್‌ನಲ್ಲಿ 385 ಯೂನಿಟ್ ತಯಾರಾಗಿದೆ ಅಂತ ಇದೆ, ಬಿಲ್‌ನಲ್ಲಿ 270 ಮಾತ್ರ ತೋರಿಸಿದ್ದಾರೆ, ಉಳಿದದ್ದು ಎಲ್ಲಿ ಹೋಯ್ತು?" "ಬೇಸಿಗೆಯಲ್ಲಿ ಅಷ್ಟೊಂದು ಕರೆಂಟ್ ಕೊಟ್ಟಿದ್ದೇವೆ, ಮಳೆಗಾಲದಲ್ಲಿ ಯಾಕೆ ಬಿಲ್ ಬಂತು?" ಹತ್ತು ಮನೆಯ ಬಿಲ್ ಹಿಡಿದು ಕೂತರೆ ಆರೇಳರಲ್ಲಿ ಬಿಲ್ ಸರಿಯೇ ಇರುತ್ತದೆ, ಲೆಕ್ಕ ಹಾಕುವ ಕ್ರಮ ತಪ್ಪಿರುತ್ತದೆ. ಉಳಿದವುಗಳಲ್ಲಿ ಬಿಲ್ಲೇ ತಪ್ಪಿರುತ್ತದೆ, ಆದರೆ ಅದನ್ನು ತೋರಿಸಿಕೊಡಲು ಮನೆಯವರ ಕೈಯಲ್ಲಿ ರೀಡಿಂಗ್ ಇರುವುದಿಲ್ಲ.

ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ಎರಡು ಹಂತ ಬಿಟ್ಟು ನೇರ ಗುಣಾಕಾರಕ್ಕೆ ಹೋದವರೇ ಜಾಸ್ತಿ ಎಡವುವುದು.

## ಮೊದಲು ಕೈಯಲ್ಲಿ ಇರಬೇಕಾದದ್ದು

ಹೆಸ್ಕಾಂ ಜೊತೆ ನೀವು ಸಹಿ ಮಾಡಿದ ಒಪ್ಪಂದದ ಪ್ರತಿ, ಅಂದರೆ ಎಲ್ಲರೂ ಪಿಪಿಎ ಅಂತ ಕರೆಯುವ ಕಾಗದ. ಹೊಸ ಮೀಟರ್ ಕೂರಿಸಿದ ದಿನ ಕೊಟ್ಟ ಪರೀಕ್ಷಾ ವರದಿ, ಅದರಲ್ಲಿ ಮೀಟರಿನ ಶುರುವಿನ ರೀಡಿಂಗ್ ಬರೆದಿರುತ್ತದೆ. ಕಳೆದ ಎರಡು ತಿಂಗಳ ಬಿಲ್. ಒಂದು ನೋಟ್‌ಬುಕ್. ಫೋಟೋ ತೆಗೆಯಲು ಮೊಬೈಲ್. ಇಷ್ಟೇ ಸಾಕು.

ಒಪ್ಪಂದದ ಪ್ರತಿ ನಿಮ್ಮ ಹತ್ತಿರ ಇಲ್ಲದಿದ್ದರೆ ಅದು ಪ್ಯಾನೆಲ್ ಹಾಕಿದ ಏಜೆನ್ಸಿಯವರ ಫೈಲ್‌ನಲ್ಲೇ ಉಳಿದಿರಬಹುದು. ಇವತ್ತೇ ಕೇಳಿ ತರಿಸಿಕೊಳ್ಳಿ. ಇಡೀ ಲೆಕ್ಕದಲ್ಲಿ ಒಂದು ಸಂಖ್ಯೆ ಆ ಕಾಗದದಿಂದಲೇ ಬರಬೇಕು, ಬೇರೆ ಮನೆಯವರ ಸಂಖ್ಯೆ ನಿಮಗೆ ಆಗುವುದಿಲ್ಲ.

## ಹಂತ 1: ಒಪ್ಪಂದದಲ್ಲಿ ಮೂರು ವಿಷಯ ಹುಡುಕಿ

ಮೊದಲನೆಯದು, ನಿಮ್ಮದು ನೆಟ್ ಮೀಟರಿಂಗೋ ಗ್ರಾಸ್ ಮೀಟರಿಂಗೋ ಅನ್ನುವುದು. ಗ್ರಾಸ್ ಆದರೆ ಪ್ಯಾನೆಲ್‌ನಿಂದ ಬಂದ ಕರೆಂಟ್ ಪೂರ್ತಿ ಲೈನ್‌ಗೆ ಹೋಗುತ್ತದೆ, ಮನೆ ಬಳಕೆಗೆ ಬೇರೆ ಬಿಲ್ ಬರುತ್ತದೆ. ಈ ಬರಹ ನೆಟ್ ಮೀಟರ್‌ನವರಿಗೆ ಮಾತ್ರ.

ಎರಡನೆಯದು, ಹೆಚ್ಚುವರಿ ಯೂನಿಟ್‌ಗೆ ಎಷ್ಟು ರೂಪಾಯಿ ಅನ್ನುವುದು. ಈ ದರವನ್ನು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ಕಾಲಕಾಲಕ್ಕೆ ಆದೇಶ ಮಾಡಿ ನಿಗದಿ ಮಾಡುತ್ತದೆ. ನಿಮ್ಮ ಒಪ್ಪಂದ ಆದಾಗ ಇದ್ದ ದರವೇ 25 ವರ್ಷದ ಒಪ್ಪಂದಕ್ಕೆ ಉಳಿಯುತ್ತದೆ. ಸಬ್ಸಿಡಿ ತಗೊಂಡವರಿಗೆ ಒಂದು ದರ, ತಗೊಳ್ಳದವರಿಗೆ ಇನ್ನೊಂದು. ಹಾಗಾಗಿ 2016ರ ಸುಮಾರಿಗೆ ಹಾಕಿಸಿದ ಪಕ್ಕದ ಮನೆಯವರಿಗೆ ಸಿಗುವ ದರ ನಿಮ್ಮದಕ್ಕಿಂತ ತುಂಬಾ ಜಾಸ್ತಿ ಇರಬಹುದು. ಅದು ತಪ್ಪಲ್ಲ, ಮೋಸವೂ ಅಲ್ಲ. ಹಳೆಯ ಒಪ್ಪಂದಗಳ ದರವೇ ಮೇಲಿತ್ತು.

ಮೂರನೆಯದು, ಹಣ ಪಾವತಿಯ ಕಲಂ. ಹೆಚ್ಚುವರಿ ಮೊತ್ತ ನಿಮಗೆ ಯಾವ ರೀತಿ ಸಲ್ಲುತ್ತದೆ, ಎಷ್ಟು ದಿನದೊಳಗೆ ಅನ್ನುವುದು ಅಲ್ಲಿರುತ್ತದೆ. ಆ ಪುಟದ ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ, ಏಳನೇ ಹಂತದಲ್ಲಿ ಬೇಕಾಗುತ್ತದೆ.

## ಹಂತ 2: ಮೀಟರ್ ಓದುವುದು ಕಲಿಯಿರಿ

ನೆಟ್ ಮೀಟರ್ ಒಂದೇ ಡಬ್ಬಿ, ಆದರೆ ಒಳಗೆ ಎರಡು ಲೆಕ್ಕ ಇಡುತ್ತದೆ. ಲೈನ್‌ನಿಂದ ಮನೆಗೆ ಬಂದದ್ದು ಆಮದು. ಮನೆಯಿಂದ ಲೈನ್‌ಗೆ ಹೋದದ್ದು ರಫ್ತು. ಎರಡೂ ಕೂಡುತ್ತಲೇ ಹೋಗುವ ಸಂಖ್ಯೆಗಳು. ಹಳೆ ಚಕ್ರದ ಮೀಟರ್ ಹಿಂದಕ್ಕೆ ತಿರುಗುವ ಹಾಗೆ ಇಲ್ಲಿ ಯಾವುದೂ ಕಡಿಮೆಯಾಗುವುದಿಲ್ಲ. ಕಳೆಯುವ ಲೆಕ್ಕ ಬಿಲ್‌ನಲ್ಲಿ ಆಗುತ್ತದೆ, ಮೀಟರಿನಲ್ಲಿ ಅಲ್ಲ.

ಮೀಟರಿನ ಗುಂಡಿ ಒತ್ತುತ್ತಾ ಹೋದರೆ ಪರದೆಯಲ್ಲಿ ಸಂಖ್ಯೆಗಳು ಒಂದಾದ ಮೇಲೊಂದು ಬರುತ್ತವೆ. ತುಂಬಾ ಮೀಟರ್‌ಗಳಲ್ಲಿ ಸಂಖ್ಯೆಯ ಮೂಲೆಯಲ್ಲಿ ಸಣ್ಣ ಕೋಡ್ ಇರುತ್ತದೆ:

```
1.8.0   kWh   ಆಮದು
2.8.0   kWh   ರಫ್ತು
```

ಕೆಲವು ಮೀಟರ್‌ಗಳಲ್ಲಿ ಕೋಡ್ ಬದಲು `IMP` ಮತ್ತು `EXP` ಅಂತ ಬರುತ್ತದೆ. ಎರಡರಲ್ಲೂ ಪಕ್ಕದಲ್ಲಿ `kWh` ಇರುವುದನ್ನೇ ಬರೆದುಕೊಳ್ಳಬೇಕು. `kVAh` ಅಂತ ಇರುವ ಸಂಖ್ಯೆ ನೋಡಲು ಹತ್ತಿರ ಹತ್ತಿರ ಇರುತ್ತದೆ, ಅವಸರದಲ್ಲಿ ಅದನ್ನೇ ಬರೆದುಕೊಂಡು ಆಮೇಲೆ ಲೆಕ್ಕ ಕೂಡುವುದಿಲ್ಲ ಅಂತ ತಲೆಕೆಡಿಸಿಕೊಳ್ಳುವವರು ಬಹಳ. ಚುಕ್ಕೆಯ ನಂತರದ ಅಂಕಿ ಬಿಟ್ಟುಬಿಡಿ, ಆದರೆ ಚುಕ್ಕೆ ಎಲ್ಲಿದೆ ಅಂತ ಸರಿಯಾಗಿ ನೋಡಿ. 1435.2 ಅನ್ನುವುದನ್ನು 14352 ಅಂತ ಓದಿದರೆ ಕಥೆಯೇ ಬೇರೆ ಆಗುತ್ತದೆ.

ಮೂರನೆಯ ಸಂಖ್ಯೆ ಪ್ಯಾನೆಲ್‌ಗಳ ಒಟ್ಟು ಉತ್ಪಾದನೆ. ಇದು ನೆಟ್ ಮೀಟರಿನಲ್ಲಿ ಸಿಗುವುದೇ ಇಲ್ಲ. ಸೋಲಾರ್‌ಗೆ ಅಂತ ಬೇರೆ ಮೀಟರ್ ಕೂರಿಸಿದ್ದರೆ ಅಲ್ಲಿಂದ, ಇಲ್ಲದಿದ್ದರೆ ಇನ್ವರ್ಟರ್ ಪರದೆ ಅಥವಾ ಅದರ ಆ್ಯಪ್‌ನಿಂದ ತಗೊಳ್ಳಿ. ಆ್ಯಪ್‌ನ ಸಂಖ್ಯೆ ಸ್ವಲ್ಪ ಹೆಚ್ಚು ಕಡಿಮೆ ಇರಬಹುದು. ಬಿಲ್‌ಗೆ ಅದು ಬೇಡ, ನಿಮ್ಮ ತಾಳೆಗೆ ಮಾತ್ರ.

ಮೂರನ್ನೂ ಒಂದೇ ಹೊತ್ತಿನಲ್ಲಿ ಬರೆದುಕೊಳ್ಳಿ, ಫೋಟೋ ತೆಗೆಯಿರಿ. ಮೀಟರ್ ರೀಡರ್ ಬಂದು ಬಿಲ್ ಹರಿದುಕೊಡುವ ದಿನವೇ ಮಾಡಿದರೆ ಅತಿ ಒಳ್ಳೆಯದು. ಆ್ಯಪ್ ತಿಂಗಳ 1ರಿಂದ 30ರ ವರೆಗೆ ಲೆಕ್ಕ ಕೊಡುತ್ತದೆ, ಬಿಲ್ 5ರಿಂದ 5ರ ವರೆಗೋ 8ರಿಂದ 11ರ ವರೆಗೋ ಇರುತ್ತದೆ. ಇವೆರಡನ್ನು ಪಕ್ಕ ಪಕ್ಕ ಇಟ್ಟರೆ ಯಾವತ್ತೂ ಕೂಡುವುದಿಲ್ಲ.

## ಹಂತ 3: ಮೀಟರ್ ಸರಿ ದಿಕ್ಕಿನಲ್ಲಿ ಎಣಿಸುತ್ತಿದೆಯಾ ನೋಡಿ

ಇದು ಎರಡು ಹೊತ್ತು ಹದಿನೈದು ಹದಿನೈದು ನಿಮಿಷದ ಕೆಲಸ, ಒಮ್ಮೆ ಮಾಡಿದರೆ ಸಾಕು. ಹೊಸ ಮೀಟರ್ ಬಂದ ಮೊದಲ ವಾರದಲ್ಲೇ ಮಾಡಿ.

ಸಂಜೆ ಕತ್ತಲಾದ ಮೇಲೆ ಎರಡೂ ಸಂಖ್ಯೆಯನ್ನು, ಈ ಪರೀಕ್ಷೆಗೆ ಮಾತ್ರ ಚುಕ್ಕೆಯ ನಂತರದ ಅಂಕಿ ಸಮೇತ, ಬರೆದುಕೊಂಡು, ಗೀಸರ್ ಅಥವಾ ಇಸ್ತ್ರಿಪೆಟ್ಟಿಗೆ ಕಾಲು ಗಂಟೆ ಓಡಿಸಿ. ಆಮದು ಮಾತ್ರ ಏರಬೇಕು. ರಫ್ತು ಅಲ್ಲಾಡಬಾರದು. ಮಾರನೇ ದಿನ ಮಧ್ಯಾಹ್ನ 12ರ ಹೊತ್ತಿಗೆ, ಬಿಸಿಲು ಚೆನ್ನಾಗಿರುವಾಗ, ಮನೆಯ ದೊಡ್ಡ ಉಪಕರಣಗಳನ್ನು ಅವುಗಳ ಸ್ವಿಚ್‌ನಲ್ಲೇ ಆಫ್ ಮಾಡಿ ಕಾಲು ಗಂಟೆ ಬಿಡಿ. ಮೇನ್ ಸ್ವಿಚ್ ಮುಟ್ಟಬೇಡಿ, ಲೈನ್ ಹೋದರೆ ಇನ್ವರ್ಟರ್ರೂ ನಿಲ್ಲುತ್ತದೆ. ಈಗ ರಫ್ತು ಏರಬೇಕು, ಆಮದು ನಿಂತಿರಬೇಕು.

ರಾತ್ರಿ ರಫ್ತು ಏರಿದರೆ ಮೀಟರಿನ ವೈರಿಂಗ್ ಹಿಂದು ಮುಂದು ಆಗಿದೆ ಅಂತ ಅರ್ಥ. ನೀವಾಗಲಿ ಊರಿನ ಎಲೆಕ್ಟ್ರಿಷಿಯನ್ ಆಗಲಿ ಆ ಡಬ್ಬಿಗೆ ಕೈ ಹಾಕಬೇಡಿ. ಅದಕ್ಕೆ ಸೀಲ್ ಇರುತ್ತದೆ, ಸೀಲ್ ಹೋದರೆ ಮೀಟರ್ ತಿದ್ದಿದ ಆರೋಪ ನಿಮ್ಮ ಮೇಲೆ ಬರುತ್ತದೆ. ಫೋಟೋ ಜೊತೆ ಲಿಖಿತ ಅರ್ಜಿ ಕೊಡಿ.

ಮೂರು ಫೇಸ್ ಮನೆಗೆ ಒಂದು ಫೇಸ್ ಇನ್ವರ್ಟರ್ ಇದ್ದರೆ ಮಧ್ಯಾಹ್ನದ ಪರೀಕ್ಷೆಯಲ್ಲಿ ಆಮದೂ ಸ್ವಲ್ಪ ಏರಬಹುದು. ಬೇರೆ ಫೇಸ್‌ನಲ್ಲಿ ಫ್ರಿಜ್ ಓಡುತ್ತಿರಬಹುದು. ಇದರಿಂದ ತಿಂಗಳ ನಿವ್ವಳ ಲೆಕ್ಕಕ್ಕೆ ತೊಂದರೆ ಇಲ್ಲ.

## ಹಂತ 4: ನಾಲ್ಕು ಸಾಲಿನ ಲೆಕ್ಕ

ಕುಮಟಾ ಹತ್ತಿರದ ನಮ್ಮ ಭಾವನ ಮನೆಯಂಥ ಒಂದು ಮನೆ ಇಟ್ಟುಕೊಳ್ಳೋಣ. 3 ಕಿಲೋವ್ಯಾಟ್ ಪ್ಯಾನೆಲ್, ಮಂಜೂರಾದ ಲೋಡ್ 3 ಕಿಲೋವ್ಯಾಟ್, ಮನೆಯಲ್ಲಿ ಐದು ಜನ, ಒಂದು ಎಸಿ, ಬಾವಿಗೆ ಪಂಪು. ನೋಟ್‌ಬುಕ್‌ನ ಏಪ್ರಿಲ್ ಪುಟ ಹೀಗಿದೆ:

```
              ಆಮದು     ರಫ್ತು     ಸೋಲಾರ್
ಏಪ್ರಿಲ್ 5      1240     1815     2602
ಮೇ 5         1435     2085     2987
ವ್ಯತ್ಯಾಸ        195      270      385
```

ಈಗ ಲೆಕ್ಕ:

```
ನೇರ ಬಳಕೆ   = ಸೋಲಾರ್ − ರಫ್ತು    = 385 − 270 = 115
ಒಟ್ಟು ಬಳಕೆ  = ನೇರ ಬಳಕೆ + ಆಮದು = 115 + 195 = 310
ನಿವ್ವಳ     = ಆಮದು − ರಫ್ತು      = 195 − 270 = −75
ತಾಳೆ       = ಒಟ್ಟು ಬಳಕೆ − ಸೋಲಾರ್ = 310 − 385 = −75
```

ಆರಂಭದ ಪ್ರಶ್ನೆಗೆ ಉತ್ತರ ಮೊದಲ ಸಾಲಿನಲ್ಲೇ ಇದೆ. ಪ್ಯಾನೆಲ್‌ನ ಕರೆಂಟ್ ಮೊದಲು ನಿಮ್ಮ ಮನೆಯಲ್ಲಿ ಆ ಕ್ಷಣ ಓಡುತ್ತಿರುವ ಫ್ಯಾನು, ಫ್ರಿಜ್ಜು, ಪಂಪಿಗೆ ಹೋಗುತ್ತದೆ. ಉಳಿದದ್ದು ಮಾತ್ರ ಮೀಟರ್ ದಾಟಿ ಲೈನ್‌ಗೆ ಹೋಗುತ್ತದೆ. 115 ಯೂನಿಟ್ ಎಲ್ಲೂ ಕಳೆದುಹೋಗಿಲ್ಲ, ಮನೆಯಲ್ಲೇ ಖರ್ಚಾಗಿದೆ, ಆ 115ಕ್ಕೆ ನೀವು ಬಿಲ್ ಕಟ್ಟಿಲ್ಲ. ಮೀಟರ್ ಅದನ್ನು ನೋಡಲೇ ಇಲ್ಲ, ಅದಕ್ಕೇ ಬಿಲ್‌ನಲ್ಲೂ ಅದು ಕಾಣುವುದಿಲ್ಲ.

ನಾಲ್ಕನೇ ಸಾಲು ಮೂರನೇ ಸಾಲಿಗೆ ಸಮ ಬರದಿದ್ದರೆ ಈ ನಾಲ್ಕು ಸಾಲಿನ ಕೂಡು ಕಳೆಯಲ್ಲೇ ಎಲ್ಲೋ ತಪ್ಪಿದ್ದೀರಿ. ರೀಡಿಂಗೇ ತಪ್ಪಿದ್ದರೆ ಈ ತಾಳೆ ಅದನ್ನು ಹಿಡಿಯುವುದಿಲ್ಲ. ಹಾಗಾಗಿ ಮೊದಲ ಸಾಲಿನ ಮೇಲೂ ಒಂದು ಕಣ್ಣಿಡಿ: ನೇರ ಬಳಕೆ ಸೊನ್ನೆಗಿಂತ ಕಡಿಮೆ ಬಂದರೆ ಲೆಕ್ಕ ಅಲ್ಲ, ರೀಡಿಂಗೇ ತಪ್ಪು. ತಯಾರಾದದ್ದಕ್ಕಿಂತ ಹೆಚ್ಚು ರಫ್ತು ಮಾಡಲು ಸಾಧ್ಯವಿಲ್ಲ ಅಲ್ವಾ?

## ಹಂತ 5: ಯೂನಿಟ್‌ನಿಂದ ರೂಪಾಯಿಗೆ

ಇಲ್ಲಿ ಒಂದು ಮಾತು ಗಟ್ಟಿಯಾಗಿ ಮನಸ್ಸಿನಲ್ಲಿಡಿ. ತಿಂಗಳ ಒಳಗೆ ಯೂನಿಟ್‌ಗೆ ಯೂನಿಟ್ ವಜಾ ಆಗುತ್ತದೆ. ನೀವು ಹಗಲು ಕೊಟ್ಟ ಒಂದು ಯೂನಿಟ್, ರಾತ್ರಿ ತಗೊಂಡ ಒಂದು ಯೂನಿಟ್‌ಗೆ ಸಮ. ತಿಂಗಳು ಮುಗಿದು ಬಿಲ್ ಆದ ಮೇಲೆ ಉಳಿದ ಯೂನಿಟ್ ಮಾತ್ರ ಯೂನಿಟ್ ಆಗಿ ಉಳಿಯುವುದಿಲ್ಲ. ಅದು ಒಪ್ಪಂದದ ದರದಲ್ಲಿ ರೂಪಾಯಿ ಆಗಿಬಿಡುತ್ತದೆ.

ಮಹಾರಾಷ್ಟ್ರದಲ್ಲಿ ಉಳಿದ ಯೂನಿಟ್ ಆರ್ಥಿಕ ವರ್ಷದ ಕೊನೆವರೆಗೆ ಮುಂದಿನ ತಿಂಗಳುಗಳಿಗೆ ಹೋಗುತ್ತದೆ. ಕಾರವಾರದವರಿಗೆ ಗಡಿಯಾಚೆ ನೆಂಟರು ಜಾಸ್ತಿ, ಅವರ ಮಾತು ಕೇಳಿ ಅಥವಾ ಆ ಕಡೆಯ ವಿಡಿಯೋ ನೋಡಿ "ನಮ್ಮ ಬೇಸಿಗೆಯ ಯೂನಿಟ್ ಜಮೆ ಎಲ್ಲಿ?" ಅಂತ ಕೇಳುತ್ತಾರೆ. ನಮ್ಮಲ್ಲಿ ಲೆಕ್ಕ ತಿಂಗಳು ತಿಂಗಳು ಚುಕ್ತಾ.

ದರಗಳು ಹೀಗೆ ಇಟ್ಟುಕೊಳ್ಳೋಣ. 2025-26ರಲ್ಲಿ ಮನೆ ಬಳಕೆಗೆ ಯೂನಿಟ್‌ಗೆ 5.80 ರೂಪಾಯಿ, ನಿಗದಿತ ಶುಲ್ಕ ಮಂಜೂರಾದ ಲೋಡ್‌ನ ಪ್ರತಿ ಕಿಲೋವ್ಯಾಟ್‌ಗೆ ತಿಂಗಳಿಗೆ 145 ರೂಪಾಯಿ, ವಿದ್ಯುತ್ ಶುಲ್ಕದ ಮೇಲೆ ಶೇ. 9 ತೆರಿಗೆ. ಹೆಚ್ಚುವರಿ ಯೂನಿಟ್‌ಗೆ ಲೆಕ್ಕದ ಅನುಕೂಲಕ್ಕೆ 3 ರೂಪಾಯಿ ಹಿಡಿದಿದ್ದೇನೆ, ಆ ಜಾಗದಲ್ಲಿ ನಿಮ್ಮ ಒಪ್ಪಂದದ ದರ ಹಾಕಿಕೊಳ್ಳಿ. ಇಂಧನ ಹೊಂದಾಣಿಕೆ, ಪಿಂಚಣಿ ಸರ್‌ಚಾರ್ಜ್ ಇಂಥ ಸಣ್ಣ ಸಾಲುಗಳನ್ನು ಇಲ್ಲಿ ಬಿಟ್ಟಿದ್ದೇನೆ, ಅವು ನಿಮ್ಮ ಬಿಲ್‌ನಲ್ಲಿ ಬೇರೆ ಬೇರೆಯಾಗಿಯೇ ಇರುತ್ತವೆ.

ಏಪ್ರಿಲ್ ಬಿಲ್:

```
ನಿಗದಿತ ಶುಲ್ಕ      3 × 145    =  435
ವಿದ್ಯುತ್ ಶುಲ್ಕ                 =    0
ಹೆಚ್ಚುವರಿ ಜಮೆ     75 × 3     = −225
ಕಟ್ಟಬೇಕಾದದ್ದು                =  210
```

75 ಯೂನಿಟ್ ಮೇಲೆ ಕೊಟ್ಟರೂ 210 ರೂಪಾಯಿ ಬಿಲ್. ಇದನ್ನು ನೋಡಿಯೇ ಎಷ್ಟೋ ಜನ ಬಿಲ್ ತಪ್ಪು ಅಂತ ಹೊರಡುತ್ತಾರೆ. ತಪ್ಪಿಲ್ಲ. ನಿಗದಿತ ಶುಲ್ಕ ಲೋಡ್‌ನ ಮೇಲೆ ಬರುತ್ತದೆ, ಯೂನಿಟ್‌ಗೂ ಅದಕ್ಕೂ ಸಂಬಂಧ ಇಲ್ಲ. ಒಂದು ಯೂನಿಟ್ಟೂ ಬಳಸದಿದ್ದರೂ ಅದು ಇದ್ದೇ ಇರುತ್ತದೆ.

ಈಗ ಅದೇ ಮನೆಯ ಮಳೆಗಾಲದ ತಿಂಗಳು, ಜುಲೈ 5ರಿಂದ ಆಗಸ್ಟ್ 5. ಉತ್ಪಾದನೆ 165ಕ್ಕೆ ಇಳಿದಿದೆ. ರಫ್ತು 85, ಆಮದು 170. ನಿವ್ವಳ 85 ಯೂನಿಟ್, ಈ ಸಲ ನಾವು ಕೊಡಬೇಕಾದದ್ದು.

```
ನಿಗದಿತ ಶುಲ್ಕ      3 × 145    = 435.00
ವಿದ್ಯುತ್ ಶುಲ್ಕ     85 × 5.80  = 493.00
ತೆರಿಗೆ           493 ರ 9%   =  44.37
ಕಟ್ಟಬೇಕಾದದ್ದು                = 972.37
```

ಎರಡೂ ತಿಂಗಳು ಪಕ್ಕದಲ್ಲಿಟ್ಟು ನೋಡಿ. ಏಪ್ರಿಲ್‌ನ 75 ಯೂನಿಟ್ 225 ರೂಪಾಯಿಗೆ ಹೋಯಿತು. ಜುಲೈನಲ್ಲಿ ಅಷ್ಟೇ 75 ಯೂನಿಟ್ ವಾಪಸ್ ತಗೊಳ್ಳಲು ತೆರಿಗೆ ಬಿಟ್ಟೇ 435 ರೂಪಾಯಿ ಬೇಕಾಯಿತು. ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುವ ನಮ್ಮ ಕರಾವಳಿಗೆ ಈ ಪದ್ಧತಿ ಬಯಲುಸೀಮೆಗಿಂತ ಜಾಸ್ತಿ ತಟ್ಟುತ್ತದೆ. ನಮ್ಮಲ್ಲಿ ಉತ್ಪಾದನೆ ಬೇಸಿಗೆಗೂ ಮಳೆಗಾಲಕ್ಕೂ ಅರ್ಧಕ್ಕರ್ಧ ಏರಿಳಿಯುತ್ತದೆ, ಲೆಕ್ಕ ಮಾತ್ರ ತಿಂಗಳಿಗೇ ಮುಗಿಯುತ್ತದೆ.

## ಹಂತ 6: "ಹಗಲೇ ಬಳಸಿ" ಅನ್ನುವ ಸಲಹೆ ಪರೀಕ್ಷಿಸಿ

ಪ್ಯಾನೆಲ್ ಹಾಕಿದ ದಿನದಿಂದ ಎಲ್ಲರೂ ಹೇಳುವುದು ಇದನ್ನೇ: ವಾಷಿಂಗ್ ಮಶೀನ್ ಮಧ್ಯಾಹ್ನ ಹಾಕಿ, ಪಂಪು ಹಗಲೇ ಬಿಡಿ, ಉಳಿತಾಯ ಆಗುತ್ತದೆ. ಅತ್ತಿಗೆ ಪಾಪ ಬೆಳಗಿನ ಬಟ್ಟೆ ಒಗೆತವನ್ನು ಅಡುಗೆಯ ಮಧ್ಯೆ ಹನ್ನೆರಡು ಗಂಟೆಗೆ ಇಟ್ಟುಕೊಂಡು ಒದ್ದಾಡುತ್ತಿದ್ದಳು. ನಾನು ನೋಟ್‌ಬುಕ್ ತೆಗೆದು ಅವಳ ಎದುರೇ ಲೆಕ್ಕ ಹಾಕಿದೆ.

ಏಪ್ರಿಲ್‌ನಲ್ಲಿ 30 ಯೂನಿಟ್ ಬಳಕೆಯನ್ನು ರಾತ್ರಿಯಿಂದ ಮಧ್ಯಾಹ್ನಕ್ಕೆ ಸರಿಸಿದೆವು ಅಂದುಕೊಳ್ಳಿ. ಆಮದು 195ರಿಂದ 165ಕ್ಕೆ ಇಳಿಯುತ್ತದೆ. ಆದರೆ ಆ 30 ಯೂನಿಟ್ ಈಗ ಮನೆಯಲ್ಲೇ ಖರ್ಚಾದ್ದರಿಂದ ರಫ್ತೂ 270ರಿಂದ 240ಕ್ಕೆ ಇಳಿಯುತ್ತದೆ. 165 − 240, ಮತ್ತೆ −75. ಬಿಲ್ ಒಂದು ಪೈಸೆಯೂ ಬದಲಾಗಲಿಲ್ಲ.

ತಾಳೆಯ ಸಾಲನ್ನು ಇನ್ನೊಮ್ಮೆ ನೋಡಿದರೆ ಕಾರಣ ಗೊತ್ತಾಗುತ್ತದೆ. ನಿವ್ವಳ ಅಂದರೆ ತಿಂಗಳ ಒಟ್ಟು ಬಳಕೆ ಕಳೆ ತಿಂಗಳ ಒಟ್ಟು ಉತ್ಪಾದನೆ, ಅಷ್ಟೇ. ಯಾವ ಹೊತ್ತಿಗೆ ಬಳಸಿದಿರಿ ಅನ್ನುವುದು ಅದರಲ್ಲಿ ಎಲ್ಲೂ ಇಲ್ಲ. ಹಗಲಿಗೂ ರಾತ್ರಿಗೂ ಒಂದೇ ದರ ಇರುವವರೆಗೆ ನೆಟ್ ಮೀಟರ್ ಮನೆಯಲ್ಲಿ ಹೊತ್ತು ಬದಲಿಸಿ ಉಳಿಸುವುದು ಏನೂ ಇಲ್ಲ. ಒಗೆತ ಬೆಳಿಗ್ಗೆಯೇ ಮುಗಿಸಿ.

ಹೊತ್ತು ನೋಡಬೇಕಾದ ಒಂದು ಸಂದರ್ಭ ಇದೆ. ಟ್ರಾನ್ಸ್‌ಫಾರ್ಮರ್‌ನಿಂದ ದೂರದ ಮನೆಗಳಲ್ಲಿ, ಶಿರಸಿ, ಸಿದ್ದಾಪುರದ ತೋಟದ ನಡುವಿನ ಮನೆಗಳಂಥ ಕಡೆ, ಮಧ್ಯಾಹ್ನ ರಫ್ತು ಮಾಡುವಾಗ ನಿಮ್ಮ ತುದಿಯಲ್ಲಿ ವೋಲ್ಟೇಜ್ ಏರುತ್ತದೆ. 250 ವೋಲ್ಟ್ ದಾಟುತ್ತಾ ಹೋದರೆ ಇನ್ವರ್ಟರ್ ತನ್ನಷ್ಟಕ್ಕೆ ನಿಂತು, ಕೆಲ ನಿಮಿಷ ಬಿಟ್ಟು ಮತ್ತೆ ಶುರುವಾಗುತ್ತದೆ. ಅಂಥ ಮನೆಯಲ್ಲಿ ಪಂಪು ಮಧ್ಯಾಹ್ನ ಓಡಿಸಿದರೆ ವೋಲ್ಟೇಜ್ ಇಳಿದು ಉತ್ಪಾದನೆ ಉಳಿಯುತ್ತದೆ. ಒಳ್ಳೆ ಬಿಸಿಲಿನ ದಿನ ಆ್ಯಪ್‌ನ ಗೆರೆ ಗುಡ್ಡದ ಹಾಗೆ ನುಣ್ಣಗೆ ಏರಿ ಇಳಿಯುವ ಬದಲು ಗರಗಸದ ಹಲ್ಲಿನಂತೆ ಕತ್ತರಿಸಿ ಕತ್ತರಿಸಿ ಬಂದಿದ್ದರೆ ಇದೇ ಕಾರಣ ಇರಬಹುದು, ಇನ್ವರ್ಟರ್ ಪರದೆಯ ದೋಷ ಪಟ್ಟಿಯಲ್ಲಿ ಗ್ರಿಡ್ ವೋಲ್ಟೇಜ್ ಬಗ್ಗೆ ಏನಾದರೂ ಇದೆಯಾ ನೋಡಿ. ಪಕ್ಕಾ ಪರಿಹಾರ ಲೈನ್ ಕಡೆಯಿಂದ ಆಗಬೇಕು, ಸೆಕ್ಷನ್ ಆಫೀಸಿಗೆ ಬರೆದುಕೊಡಿ.

## ಹಂತ 7: ಬಿಲ್ ಜೊತೆ ತಾಳೆ ಹಾಕಿ

ಬಿಲ್ ಕೈಗೆ ಬಂದ ತಕ್ಷಣ ಕೆಳಗಿನ ಮೊತ್ತ ನೋಡಬೇಡಿ. ಈ ಕ್ರಮದಲ್ಲಿ ನೋಡಿ.

ಮೊದಲು, ಆಮದು ಮತ್ತು ರಫ್ತು ಎರಡೂ ಬಿಲ್‌ನಲ್ಲಿ ಇವೆಯಾ? ಒಂದೇ ರೀಡಿಂಗ್ ಇದ್ದು ಅದು ನಿಮ್ಮ 1.8.0 ಸಂಖ್ಯೆಯೇ ಆಗಿದ್ದರೆ, ಬಿಲ್ಲಿಂಗ್ ದಾಖಲೆಯಲ್ಲಿ ನಿಮ್ಮ ಆರ್‌ಆರ್ ನಂಬರ್ ಇನ್ನೂ ಸಾಮಾನ್ಯ ಮನೆ ಅಂತಲೇ ಉಳಿದಿದೆ. ಮೊದಲ ಒಂದೆರಡು ತಿಂಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಎದುರಾಗುವ ತಪ್ಪು ಇದು. ಆಮದು ಪೂರ್ತಿಗೆ ಬಿಲ್ ಆಗುತ್ತದೆ, ರಫ್ತಿಗೆ ಏನೂ ಸಿಗುವುದಿಲ್ಲ. ಮುಂದಿನ ತಿಂಗಳು ತಾನಾಗಿ ಸರಿಹೋಗುತ್ತದೆ ಅಂತ ಸುಮ್ನೆ ಕೂರಬೇಡಿ.

ಆಮೇಲೆ, ಹಿಂದಿನ ರೀಡಿಂಗ್ ಕಳೆದ ಬಿಲ್‌ನ ಈಗಿನ ರೀಡಿಂಗ್‌ಗೆ ಸಮ ಇದೆಯಾ ನೋಡಿ. ಮೊದಲ ಬಿಲ್ ಆದರೆ ಪರೀಕ್ಷಾ ವರದಿಯ ಶುರುವಿನ ಸಂಖ್ಯೆಗೆ ಸಮ ಇರಬೇಕು. ಹೊಸ ಮೀಟರ್ ಸೊನ್ನೆಯಿಂದಲೇ ಶುರುವಾಗಬೇಕು ಅಂತಿಲ್ಲ, ಪರೀಕ್ಷೆ ಮಾಡುವಾಗ ಕೆಲವು ಯೂನಿಟ್ ಓಡಿರುತ್ತದೆ. ಹಳೆ ಮೀಟರ್ ಬಿಚ್ಚಿದ ದಿನದ ಕೊನೆಯ ರೀಡಿಂಗ್ ಕೂಡ ಅದೇ ಬಿಲ್‌ನಲ್ಲಿ ಸೇರಿರುತ್ತದೆ. ಹಾಗಾಗಿ ಮೊದಲ ಬಿಲ್ ಎರಡು ಮೀಟರಿನ ಮಿಶ್ರಣ, ಅದನ್ನು ನೋಡಿ ಸೋಲಾರ್‌ನ ಲಾಭ ಅಳೆಯಬೇಡಿ.

ನಂತರ ದಿನ ಎಣಿಸಿ. ಈ ಸಲ 34 ದಿನ, ಹೋದ ಸಲ 28 ದಿನ ಆಗಿದ್ದರೆ ಎರಡರ ಮೊತ್ತ ಹೋಲಿಸಿ ಪ್ರಯೋಜನ ಇಲ್ಲ.

ಕೊನೆಗೆ, ಹೆಚ್ಚುವರಿ ಯೂನಿಟ್‌ಗೆ ಹಾಕಿದ ದರ ಒಪ್ಪಂದದ ದರವೇ ಅಂತ ನೋಡಿ, ಮತ್ತು ಆ ಮೊತ್ತ ಎಲ್ಲಿ ಹೋಯಿತು ಅಂತ ಹಿಂಬಾಲಿಸಿ. ಬಿಲ್‌ನಲ್ಲೇ ಕಳೆದಿದ್ದರೆ ಅದು ಕಣ್ಣಿಗೆ ಕಾಣುತ್ತದೆ. ಬಿಲ್‌ನಲ್ಲಿ ಕಳೆದೇ ಇಲ್ಲ, ಬ್ಯಾಂಕಿಗೂ ಬಂದಿಲ್ಲ ಅಂದರೆ ಮೊದಲ ಹಂತದಲ್ಲಿ ಫೋಟೋ ತೆಗೆದ ಪಾವತಿ ಕಲಂ ತೆಗೆಯಿರಿ. ನೋಟ್‌ಬುಕ್‌ನಲ್ಲಿ ಒಂದು ಸಾಲು ಇದಕ್ಕೇ ಇಡಿ: ತಿಂಗಳು, ಹೆಚ್ಚುವರಿ ಯೂನಿಟ್, ಬರಬೇಕಾದ ಮೊತ್ತ, ಬಂದ ದಿನ. ಫೆಬ್ರವರಿಯಿಂದ ಮೇ ವರೆಗಿನ ನಾಲ್ಕು ಸಾಲು ತುಂಬಿದ್ದು ಕೊನೆಯ ಅಂಕಣ ಖಾಲಿ ಇದ್ದರೆ, ಕೇಳಲು ಅದಕ್ಕಿಂತ ಒಳ್ಳೆ ದಾಖಲೆ ಇಲ್ಲ.

## ಹಂತ 8: ತಪ್ಪು ಸಿಕ್ಕಿದರೆ ಯಾರಿಗೆ, ಯಾವ ಕ್ರಮದಲ್ಲಿ

ಫೋನಿನಲ್ಲಿ ಹೇಳಿದ್ದು ಗಾಳಿಗೆ ಹೋಗುತ್ತದೆ. ಒಂದು ಪುಟದ ಅರ್ಜಿ ಬರೆಯಿರಿ: ಆರ್‌ಆರ್ ನಂಬರ್, ಮೀಟರ್ ನಂಬರ್, ಬಿಲ್ ದಿನಾಂಕ, ಬಿಲ್‌ನಲ್ಲಿರುವ ರೀಡಿಂಗ್, ಮೀಟರ್ ಫೋಟೋದ ರೀಡಿಂಗ್, ನಿಮ್ಮ ನಾಲ್ಕು ಸಾಲಿನ ಲೆಕ್ಕ, ಬಿಲ್ ತಿದ್ದಿ ಕೊಡಿ ಅನ್ನುವ ಕೋರಿಕೆ. ಸಿಟ್ಟಿನ ಮಾತು ಬೇಡ. ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಂಡೇ ಬನ್ನಿ.

ಮೊದಲು ಸೆಕ್ಷನ್ ಆಫೀಸ್, ಆಗದಿದ್ದರೆ ಉಪವಿಭಾಗದ ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್, ಅಂದರೆ ಎಇಇ. ಜೊತೆಗೆ 1912ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಅಲ್ಲೂ ಆಗದಿದ್ದರೆ ಜಿಲ್ಲೆಯ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ಮೇಲೆ ವಿದ್ಯುತ್ ಓಂಬುಡ್ಸ್‌ಮನ್. ಮೇಲಿನ ಮೆಟ್ಟಿಲಿನಲ್ಲಿ ಮೊದಲು ಕೇಳುವುದು ಕೆಳಗಿನ ಮೆಟ್ಟಿಲಿನ ಸೀಲು ಬಿದ್ದ ಪ್ರತಿಯನ್ನೇ, ಹಾಗಾಗಿ ಯಾವುದನ್ನೂ ಹಾರಬೇಡಿ.

## ಹಂತ 9: ಮಳೆಗಾಲದ ತಿಂಗಳುಗಳನ್ನು ಬೇರೆಯಾಗಿ ಗಮನಿಸಿ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಉತ್ಪಾದನೆ ಇಳಿಯುವುದು ಸಹಜ. ಎಷ್ಟು ಇಳಿದರೆ ಸಹಜ ಅನ್ನುವುದೇ ಪ್ರಶ್ನೆ. ನಮ್ಮ ಕಡೆ ಮಾರ್ಚ್, ಏಪ್ರಿಲ್‌ನಲ್ಲಿ ಕಿಲೋವ್ಯಾಟ್‌ಗೆ ದಿನಕ್ಕೆ ನಾಲ್ಕು ಯೂನಿಟ್ ಸುಮಾರಿಗೆ ಬಂದರೆ, ಜುಲೈನಲ್ಲಿ ಎರಡರ ಆಸುಪಾಸು ಬರುತ್ತದೆ. ಅದಕ್ಕಿಂತ ತುಂಬಾ ಕೆಳಗೆ ಹೋದರೆ ಮೋಡ ಒಂದೇ ಕಾರಣ ಅಲ್ಲ.

ಗಾಳಿಮಳೆಗೆ ಮರ ಬಿದ್ದು ಎರಡು ದಿನ ಲೈನ್ ಇಲ್ಲ ಅಂದರೆ, ಆ ಎರಡು ದಿನ ಬಿಸಿಲು ಬಂದರೂ ನಿಮ್ಮ ಪ್ಯಾನೆಲ್ ಕೆಲಸ ಮಾಡುವುದಿಲ್ಲ. ಲೈನ್ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದು ಅಂತ ಲೈನ್ ಹೋದ ಕೂಡಲೇ ಇನ್ವರ್ಟರ್ ನಿಲ್ಲುವಂತೆ ಮಾಡಿರುತ್ತಾರೆ. ಬ್ಯಾಟರಿ ಇಲ್ಲದ ಇನ್ವರ್ಟರ್ ಆದರೆ ಮನೆಗೂ ಕರೆಂಟ್ ಇಲ್ಲ, ಉತ್ಪಾದನೆಯೂ ಇಲ್ಲ. ಕರೆಂಟ್ ಇಲ್ಲದ ದಿನಗಳನ್ನು ಕ್ಯಾಲೆಂಡರ್‌ನಲ್ಲಿ ಗುರುತು ಮಾಡಿ, ಆಗ ತಿಂಗಳ ಕೊನೆಗೆ ಕಾರಣ ಹುಡುಕುವುದು ಸುಲಭ. ಲೈನ್ ಬಂದ ಮೇಲೂ ಇನ್ವರ್ಟರ್ ಶುರುವಾಗಿಲ್ಲ, ಯಾರೂ ನೋಡಿಲ್ಲ, ಹತ್ತು ದಿನ ಹಾಗೇ ಹೋಯಿತು ಅನ್ನುವ ಮನೆಗಳೂ ಇವೆ. ಸಿಡಿಲಿನ ಮಾರನೇ ದಿನ ಇನ್ವರ್ಟರ್ ದೀಪ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಪ್ಯಾನೆಲ್‌ನ ಕೆಳ ಅಂಚಿನಲ್ಲಿ ಹಸಿರು ಪಾಚಿ ಕಟ್ಟುತ್ತದೆ, ಕಡಲ ಹತ್ತಿರದ ಮನೆಗಳಲ್ಲಿ ಉಪ್ಪಿನ ಪೊರೆಯೂ ಕೂರುತ್ತದೆ. ಮಳೆಯೇ ತೊಳೆಯುತ್ತದೆ ಅಂತ ಬಿಟ್ಟರೆ ಪಾಚಿ ಹೋಗುವುದಿಲ್ಲ. ಪಾಚಿಗಟ್ಟಿದ ಹೆಂಚಿನ ಮಾಡು ಮಳೆಗಾಲದಲ್ಲಿ ಹತ್ತುವ ಜಾಗ ಅಲ್ಲ. ಮಳೆ ಬಿಟ್ಟು ಮಾಡು ಒಣಗಿದ ಮೇಲೆ ಮೆತ್ತನೆ ಬಟ್ಟೆ, ಬರೀ ನೀರು, ಬೆಳಗಿನ ತಂಪು ಹೊತ್ತು.

ಆಗಸ್ಟ್ ಕೊನೆ, ಸೆಪ್ಟೆಂಬರ್‌ನ ಬಿಲ್‌ನಲ್ಲಿ ಇನ್ನೊಂದು ಕಾರಣ ಸೇರಿಕೊಳ್ಳುತ್ತದೆ. ಚೌತಿ. ಮನೆ ತುಂಬ ನೆಂಟರು, ಮಿಕ್ಸಿ, ಗ್ರೈಂಡರ್, ರಾತ್ರಿಯಿಡೀ ದೀಪ, ಹೊರಗೆ ಮೋಡ. ಉತ್ಪಾದನೆ ಕಡಿಮೆ, ಬಳಕೆ ಜಾಸ್ತಿ, ನಿವ್ವಳ ಸಹಜವಾಗಿ ಮೇಲೆ ಹೋಗುತ್ತದೆ. ಆ ತಿಂಗಳು ದೂರು ಬರೆಯುವ ಮೊದಲು ಹೋದ ವರ್ಷದ ಅದೇ ತಿಂಗಳ ಬಿಲ್ ತೆಗೆದು ನೋಡಿ.

## ಹಂತ 10: ಇನ್ನೂ ಹಾಕಿಸದವರು ಇದೇ ಲೆಕ್ಕ ತಿರುಗಿಸಿ ಹಾಕಿ

ಕಳೆದ 12 ತಿಂಗಳ ಬಿಲ್‌ನ ಯೂನಿಟ್‌ಗಳನ್ನು ಒಂದು ಕಡೆ ಬರೆಯಿರಿ. ಪಕ್ಕದಲ್ಲಿ ಆಯಾ ತಿಂಗಳು 2 ಕಿಲೋವ್ಯಾಟ್‌ಗೆ ಎಷ್ಟು, 3ಕ್ಕೆ ಎಷ್ಟು ಬರಬಹುದು ಅಂತ ಬರೆಯಿರಿ. ವರ್ಷದ ಒಟ್ಟು ಕೂಡಿ ನೋಡಬೇಡಿ, ತಿಂಗಳು ತಿಂಗಳೇ ಕಳೆಯಿರಿ. ನಿಮ್ಮ ಮನೆಯಲ್ಲಿ ತಿಂಗಳಿಗೆ 150 ಯೂನಿಟ್ ಬಳಕೆ ಇದ್ದರೆ 3 ಕಿಲೋವ್ಯಾಟ್‌ನ ಬೇಸಿಗೆಯ ಉತ್ಪಾದನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು 5.80ರ ಬಿಲ್ ಉಳಿಸುವ ಬದಲು ಒಪ್ಪಂದದ ಕಡಿಮೆ ದರಕ್ಕೆ ಹೋಗುತ್ತದೆ.

ಪಿಎಂ ಸೂರ್ಯ ಘರ್ ಸಬ್ಸಿಡಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000, ಮೂರನೆಯದಕ್ಕೆ 18,000 ಮಾತ್ರ, ಒಟ್ಟು 78,000 ರೂಪಾಯಿಗೆ ನಿಲ್ಲುತ್ತದೆ. ಜೊತೆಗೆ, ದೊಡ್ಡ ಪ್ಯಾನೆಲ್‌ಗೋಸ್ಕರ ಮಂಜೂರಾದ ಲೋಡ್ 2ರಿಂದ 3ಕ್ಕೆ ಏರಿಸಬೇಕಾಗಿ ಬಂದರೆ 2025-26ರ ದರದಂತೆ ತಿಂಗಳಿಗೆ 145 ರೂಪಾಯಿ ನಿಗದಿತ ಶುಲ್ಕ ಕಾಯಂ ಆಗಿ ಸೇರುತ್ತದೆ, ವರ್ಷಕ್ಕೆ 1,740. ಯೂನಿಟ್‌ಗೆ 3 ರೂಪಾಯಿಯಂತೆ ಅದನ್ನು ತುಂಬಿಸಲು 580 ಯೂನಿಟ್ ಹೆಚ್ಚುವರಿ ಕೊಡಬೇಕು. ಏಜೆನ್ಸಿಯವರು "ಹೇಗೂ ಹಾಕಿಸ್ತೀರಿ, ಮೂರೇ ಹಾಕಿಸಿ" ಅಂದಾಗ ಅವರ ಕೊಟೇಶನ್ ಪಕ್ಕ ಈ 580 ಬರೆದಿಟ್ಟು, ಮೂರನೇ ಕಿಲೋವ್ಯಾಟ್ ನಿಮ್ಮ ಮನೆಯ ಯಾವ ತಿಂಗಳ ಬಿಲ್ ಇಳಿಸುತ್ತದೆ ಅಂತ ಅವರನ್ನೇ ಕೇಳಿ.